ಜೊತೆಗೆ ಎಚ್ಚರ ಕೂರಬೇಡಿ, ಪಾಳಿ ಹಾಕಿಕೊಳ್ಳಿ

"ನಮ್ಮ ಮನೆ ಬದಿಯಡ್ಕ ಹತ್ತಿರ. ಮಗುವಿಗೆ ಆರು ವಾರ. ಅತ್ತೆಗೆ ಮೊಣಕಾಲಿನ ಆಪರೇಷನ್ ಆದ ಕಾರಣ ಬಾಣಂತನ ನಮ್ಮಲ್ಲೇ. ರಾತ್ರಿ ಮೂರು ನಾಲ್ಕು ಸಲ ಮಗು ಏಳುತ್ತದೆ. ಪ್ರತಿ ಸಲವೂ ನಾನೂ ಎದ್ದು ಹೆಂಡತಿಯ ಪಕ್ಕ ಕೂರುತ್ತೇನೆ. ಬೆಳಗ್ಗೆ ಏಳೂವರೆಗೆ ಮಂಗಳೂರಿಗೆ ಕೆಲಸಕ್ಕೆ ಹೊರಡಬೇಕು. ಆದರೂ 'ನಿಮ್ಮಿಂದ ನನಗೇನು ಉಪಕಾರ' ಅಂತ ಅವಳು ಅಳುತ್ತಾಳೆ. ಹಾಲು ಕೊಡುವುದು ಅವಳೇ ಆಗಬೇಕಲ್ಲ, ನಾನು ಇನ್ನೇನು ಮಾಡಲಿ? 'ಗಂಡಸರಿಗೆ ಇದೆಲ್ಲ ಯಾಕೆ' ಅಂತ ಅಮ್ಮ ಬೇರೆ."

ನನ್ನ ಮೊದಲ ಬಾಣಂತನದಲ್ಲಿ ನಮ್ಮವರೂ ಹೀಗೇ ಮಾಡುತ್ತಿದ್ದರು. ಮಗು ಕುಂಯ್ ಅಂದರೆ ಸಾಕು, ಎದ್ದು ಲೈಟು ಹಾಕಿ "ಏನಾದರೂ ಬೇಕಾ?" ಅಂತ ಕೇಳುವುದು. ನನಗೆ ಬೇಕಾದದ್ದು ಒಂದೇ, ಯಾರಾದರೂ ಆ ಲೈಟು ಆರಿಸುವುದು. ಪಾಪ, ಅವರ ಮನಸ್ಸು ಒಳ್ಳೆಯದೇ. ಆದರೆ ಇಬ್ಬರೂ ನಿದ್ದೆಗೆಟ್ಟದ್ದು ಬಿಟ್ಟರೆ ನನ್ನ ಕೆಲಸ ಒಂದು ಚಮಚದಷ್ಟೂ ಕಡಿಮೆ ಆಗಲಿಲ್ಲ. ಆಮೇಲೆ ನರ್ಸ್ ಆಗಿ ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡುವಾಗ ಇದೇ ದೃಶ್ಯ ಮತ್ತೆ ಮತ್ತೆ ಕಂಡೆ.

ನಿಮ್ಮ ಹೆಂಡತಿ ಲೆಕ್ಕಕ್ಕೆ ಆರೇಳು ಗಂಟೆ ಮಲಗುತ್ತಿರಬಹುದು. ಆದರೆ ಅದು ಒಂದೂಮುಕ್ಕಾಲು ಗಂಟೆ, ಎರಡು ಗಂಟೆಯ ತುಂಡುಗಳು. ಕಣ್ಣು ಮುಚ್ಚಿದರೂ ಕಿವಿ ತೊಟ್ಟಿಲ ಕಡೆಗೇ. ಅವಳಿಗೆ ಈಗ ಬೇಕಾದದ್ದು ಒಂದೇ ಉಸಿರಿಗೆ ನಾಲ್ಕೈದು ಗಂಟೆಯ ನಿದ್ದೆ, ಅದೂ "ಈ ಹೊತ್ತು ಮಗು ನನ್ನ ಜವಾಬ್ದಾರಿ ಅಲ್ಲ" ಎಂದು ಗೊತ್ತಿರುವ ನಿದ್ದೆ. ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ ಅವಳ ಜೊತೆ ಏಳುವುದನ್ನು ನಿಲ್ಲಿಸುವುದು. ರಾತ್ರಿಯನ್ನು ಎರಡು ಪಾಳಿ ಮಾಡಿ. ಒಂದು ನಿಮ್ಮದು, ಒಂದು ಅವಳದು.

ನಿಮ್ಮ ಮನೆಗೆ ಹೊಂದುವ ಹಾಗೆ ಹೇಳುತ್ತೇನೆ. ರಾತ್ರಿ ಎಂಟೂವರೆಗೆ ಅವಳು ಹೊಟ್ಟೆ ತುಂಬ ಹಾಲು ಕೊಡಲಿ. ಒಂಬತ್ತಕ್ಕೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿ ಮಲಗಲಿ. ತೊಟ್ಟಿಲು ಚಾವಡಿಗೆ ಬರಲಿ, ನೀವು ಪಕ್ಕದಲ್ಲಿ ಚಾಪೆ ಹಾಕಿಕೊಳ್ಳಿ. ಮಗುವಿನ ಜೊತೆಗೇ ನೀವೂ ನಿದ್ದೆ ಮಾಡಿ. ಹನ್ನೊಂದೂವರೆ ಸುಮಾರಿಗೆ ಮಗು ಎದ್ದಾಗ, ಹಗಲಲ್ಲಿ ಹಿಂಡಿಟ್ಟ ತಾಯಿಯ ಹಾಲನ್ನು ನೀವೇ ಕೊಡಿ. ತೇಗು ತೆಗೆಸಿ, ಬಟ್ಟೆ ಬದಲಿಸಿ, ಮಲಗಿಸಿ. ಎರಡು ಗಂಟೆಗೆ ಮತ್ತೆ ಎದ್ದರೆ ಅದರ ಒದ್ದೆ ಬಟ್ಟೆ ತೆಗೆದು, ಒಣಗಿಸಿ, ಹೆಂಡತಿಯ ಮಗ್ಗುಲಿಗೆ ಕೊಡಿ. ಅಲ್ಲಿಂದ ಅವಳ ಪಾಳಿ. ನೀವು ಆರೂವರೆವರೆಗೆ ಮಲಗಿ. ಅವಳಿಗೆ ಸಿಕ್ಕಿದ್ದು ಬಿಡದೆ ಐದು ಗಂಟೆ. ನಿಮಗೆ ಮೊದಲು ಎರಡೂವರೆ, ಆಮೇಲೆ ನಾಲ್ಕೂವರೆ. ನೀವೀಗ ಮಾಡುತ್ತಿರುವುದಕ್ಕಿಂತ ಇದು ಜಾಸ್ತಿಯೇ, ಅಲ್ವಾ?

ಈಗ ಹಾಲಿನ ವಿಷಯ. ಇಲ್ಲೇ ಎಲ್ಲರೂ ಎಡವುವುದು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಈ ವಯಸ್ಸಿನ ಮಗು ದಿನಕ್ಕೆ ಸುಮಾರು 750 ಮಿಲಿ ತಾಯಿಹಾಲು ಕುಡಿಯುತ್ತದೆ. ದಿನಕ್ಕೆ ಒಂಬತ್ತು ಸಲ ಅಂದುಕೊಂಡರೆ ಒಂದು ಸಲಕ್ಕೆ 80 ಮಿಲಿ ಹತ್ತಿರ. ಅಷ್ಟನ್ನು ಒಂದೇ ಸಲ ಹಿಂಡಲು ಕೂತರೆ ಬರುವುದು ಕಣ್ಣೀರೇ ಹೊರತು ಹಾಲಲ್ಲ. ಬೆಳಗ್ಗೆ ಹೆಚ್ಚಿನವರಿಗೆ ಹಾಲು ತುಂಬಿರುತ್ತದೆ. ಮಗು ಕುಡಿದು ಅರ್ಧ ಮುಕ್ಕಾಲು ಗಂಟೆಯ ಮೇಲೆ ಕೈಯಲ್ಲೇ ಹಿಂಡಿದರೆ 30, 40 ಮಿಲಿ ಬರಬಹುದು. ಮಧ್ಯಾಹ್ನ ಇನ್ನೊಮ್ಮೆ. ಎರಡೂ ಸೇರಿದರೆ ನಿಮ್ಮ ಪಾಳಿಗೆ ಸಾಕು. ಹಿಂಡುವಾಗ ಬೆರಳುಗಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು ಮೊದಲು ಎದೆಯ ಕಡೆಗೆ ಒತ್ತಬೇಕು, ಆಮೇಲೆ ಬೆರಳು ಕೂಡಿಸಬೇಕು. ಚರ್ಮದ ಮೇಲೆ ಉಜ್ಜಿದರೆ ಉರಿ ಬರುತ್ತದೆ, ಹಾಲು ಬರುವುದಿಲ್ಲ.

ಸೋಪು ಹಾಕಿ ಕೈ ತೊಳೆದು, ಹತ್ತು ನಿಮಿಷ ಕುದಿಸಿದ ಮುಚ್ಚಳದ ಸ್ಟೀಲ್ ಪಾತ್ರೆಗೆ ಹಿಂಡಲಿ. ಹೊರಗಿಟ್ಟರೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ನಮ್ಮ ಕಡೆಯ ಏಪ್ರಿಲ್ ಸೆಕೆಯಲ್ಲಿ ಅದಕ್ಕಿಂತ ಬೇಗನೇ. ಹಾಗಾಗಿ ಕೂಡಲೇ ಫ್ರಿಜ್ಜಿಗೆ. ಬಾಗಿಲ ಬದಿಯಲ್ಲಿ ಬೇಡ, ಒಳಗೆ ಹಿಂದಕ್ಕೆ ತಳ್ಳಿ. ಅಲ್ಲಿ ನಾಲ್ಕು ದಿನ ಕೆಡದು. ಆದರೆ ನೀವು ಅಂದಿನ ಹಾಲನ್ನು ಅಂದು ರಾತ್ರಿಯೇ ಮುಗಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಗಂಟೆಗಟ್ಟಲೆ ಬಾರದಿದ್ದರೆ ಆ ಹಾಲನ್ನು ನಂಬಬೇಡಿ. ಮಧ್ಯಾಹ್ನದ ಬಿಸಿ ಹಾಲನ್ನು ಬೆಳಗ್ಗಿನ ತಣ್ಣನೆಯ ಹಾಲಿಗೆ ನೇರ ಸುರಿಯುವುದೂ ಬೇಡ, ಅದೂ ತಣ್ಣಗಾದ ಮೇಲೆ ಸೇರಿಸಿ.

ರಾತ್ರಿ ಕೊಡುವಾಗ ಒಲೆ ಮೇಲಿಡಬೇಡಿ, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಬಿಸಿನೀರಿನ ಬೋಗುಣಿಯಲ್ಲಿ ಪಾತ್ರೆ ಐದು ನಿಮಿಷ ಕೂತರೆ ಸಾಕು. ಮೇಲೆ ಕೆನೆಯಂತೆ ಕಟ್ಟಿರುತ್ತದೆ, ಹಾಳಾಯಿತು ಅಂತ ಚೆಲ್ಲಬೇಡಿ. ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ನಿಮ್ಮ ಅಮ್ಮ "ಫ್ರಿಜ್ಜಿನ ಹಾಲು ಶೀತ" ಅಂತ ಹೇಳಿಯೇ ಹೇಳುತ್ತಾರೆ. ವಾದ ಬೇಡ, ಬೆಚ್ಚಗಾದ ಒಂದು ಹನಿ ಅವರ ಮಣಿಕಟ್ಟಿನ ಮೇಲೆ ಬಿಡಿ. ಮಗು ಕುಡಿದು ಉಳಿಸಿದ್ದನ್ನು ಎರಡು ಗಂಟೆಯ ಮೇಲೆ ಇಡಬಾರದು. ಮೊದಲ ದಿನ 60 ಮಿಲಿ ಬಿಸಿ ಮಾಡಿ, ಬೇಕೆನಿಸಿದರೆ ಉಳಿದದ್ದು. ಅಷ್ಟು ಕಷ್ಟಪಟ್ಟು ಹಿಂಡಿದ ಹಾಲು ಸುಮ್ನೆ ಮೋರಿಗೆ ಹೋಗುವುದು ನೋಡಲಾಗುವುದಿಲ್ಲ.

ಬಾಟಲಿ ತರಬೇಡಿ. ಮೊಲೆಗೂ ಬಾಟಲಿಗೂ ಬಾಯಿಡುವ ರೀತಿ ಬೇರೆ, ತೊಳೆಯುವ ಕಾಟ ಬೇರೆ. ನಿಮ್ಮ ಮನೆಯ ಅಟ್ಟದಲ್ಲೆಲ್ಲೋ ಒಳಲೆ ಇರಬೇಕಲ್ಲ? ಆಸ್ಪತ್ರೆಯವರು ಪಾಲಡೈ ಅನ್ನುವುದು ಅದನ್ನೇ. ಅದನ್ನು ಕುದಿಸಿಡಿ. ಮಗುವನ್ನು ಮಲಗಿಸಿಕೊಂಡು ಕೊಡಬಾರದು, ನಿಮ್ಮ ತೋಳಿನಲ್ಲಿ ಅರೆ ಕೂತ ಹಾಗೆ ಇರಲಿ. ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿಗೆ ಮುಟ್ಟುವಷ್ಟು ಮಾತ್ರ ಓರೆ ಮಾಡಿ. ಅದೇ ಚಪ್ಪರಿಸಿ ಎಳೆದುಕೊಳ್ಳುತ್ತದೆ. ಹಳಬರು ಗುಟುಕು ಗುಟುಕಾಗಿ ಬಾಯಿಗೆ ಹೊಯ್ಯುತ್ತಿದ್ದರು, ಅದು ನೆತ್ತಿಗೆ ಹತ್ತಿಸುವ ದಾರಿ. ನಡುನಡುವೆ ನಿಲ್ಲಿಸಿ, ನುಂಗಿತಾ ನೋಡಿ. ಮುಖ ತಿರುಗಿಸಿತು, ತುಟಿ ಮುಚ್ಚಿತು ಅಂದರೆ ಸಾಕಾಯಿತು. ಮೊದಲೆರಡು ದಿನ ಅರ್ಧ ಅಂಗಿಗೆ ಹೋಗುತ್ತದೆ. ಮಗು ಜೋರು ಅಳುವವರೆಗೆ ಕಾದರೆ ಯಾವ ಒಳಲೆಯೂ ನಡೆಯದು. ಕೈ ಬಾಯಿಗೆ ಹೋಗುವಾಗ, ತಲೆ ಅತ್ತಿತ್ತ ಹೊರಳಿಸಿ ಹುಡುಕುವಾಗಲೇ ಶುರು ಮಾಡಿ. ಹಾಗಂತ ನಿದ್ದೆಯಲ್ಲಿ ಮುಲುಗಿದ ಕೂಡಲೇ ಎತ್ತಲೂಬೇಡಿ. ಎಳೆ ಮಕ್ಕಳು ನಿದ್ದೆಯಲ್ಲೇ ಮುಲುಗುತ್ತವೆ, ಕೈಕಾಲು ಆಡಿಸುತ್ತವೆ. ಒಂದೆರಡು ನಿಮಿಷ ಸುಮ್ಮನಿದ್ದು ನೋಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ತೇಗು ತೆಗೆಸುತ್ತಾ ಮಗುವನ್ನು ಎದೆಗೆ ಹಾಕಿಕೊಂಡು ಆರಾಮ ಕುರ್ಚಿಯಲ್ಲೋ ಸೋಫಾದಲ್ಲೋ ತೂಕಡಿಸಬೇಡಿ. ದಿನವಿಡೀ ದುಡಿದು ಬಂದ ಅಪ್ಪಂದಿರಿಗೆ ನಡುರಾತ್ರಿ ಇದು ಗೊತ್ತೇ ಆಗದೆ ಆಗಿಬಿಡುತ್ತದೆ. ಮಗು ಜಾರಿ ಸಂದಿಗೆ ಸಿಕ್ಕಿ ಉಸಿರು ಕಟ್ಟಬಹುದು. ಕಣ್ಣು ಎಳೆಯುತ್ತಿದೆ ಅನಿಸಿದರೆ ಎದ್ದು ನಿಂತುಕೊಳ್ಳಿ. ಮಲಗಿಸುವಾಗ ಬೆನ್ನ ಮೇಲೆ, ತಲೆದಿಂಬು ಬೇಡ, ಮುಖದ ಹತ್ತಿರ ದಪ್ಪ ಹೊದಿಕೆ ಬೇಡ.

ಐದು ಗಂಟೆ ಅಂದೆನಲ್ಲ, ಎಂಟು ಗಂಟೆ ಯಾಕಲ್ಲ ಅಂತ ನೀವು ಕೇಳಬಹುದು. ಹಾಲು ಹೆಚ್ಚಿಸುವ ಹಾರ್ಮೋನು ರಾತ್ರಿ ಹೊತ್ತೇ ಜಾಸ್ತಿ ಇರುವುದು. ಎದೆ ತುಂಬ ಹೊತ್ತು ಖಾಲಿಯಾಗದೆ ಇದ್ದರೆ ದೇಹ "ಇಷ್ಟು ಬೇಡವೇನೋ" ಅಂತ ಹಾಲು ತಗ್ಗಿಸುತ್ತದೆ. ಅದಕ್ಕೇ ಎರಡು ಗಂಟೆಯ ಹಾಲು ಅವಳದೇ ಇರಲಿ. ಮೊದಲ ನಾಲ್ಕೈದು ರಾತ್ರಿ ಅವಳಿಗೆ ಎದೆ ಕಲ್ಲಿನಂತೆ ಬಿಗಿದು ಎಚ್ಚರ ಆಗಬಹುದು. ನೋವು ಇಳಿಯುವಷ್ಟು ಮಾತ್ರ ಹಿಂಡಿ ಮಲಗಲಿ, ಪೂರ್ತಿ ಖಾಲಿ ಮಾಡಿದರೆ ನಾಳೆ ಇನ್ನಷ್ಟು ತುಂಬುತ್ತದೆ. ಒಂದು ಕಡೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ, ಮಗುವಿಗೆ ಹಾಲು ಕೊಡುವುದು ನಿಲ್ಲಿಸಬೇಕಿಲ್ಲ. ಮಗುವಿಗೆ ಸಾಕಾಗುತ್ತಿದೆಯಾ ಅಂತ ತಿಳಿಯಲು ಮೂತ್ರದ ಬಟ್ಟೆ ಎಣಿಸಿ. ದಿನಕ್ಕೆ ಆರಕ್ಕೆ ಕಡಿಮೆ ಆಗಬಾರದು. ತೂಕ ವಾರಕ್ಕೆ 150 ಗ್ರಾಂನ ಹತ್ತಿರವಾದರೂ ಏರಬೇಕು. 42ನೇ ದಿನದ ಭೇಟಿಗೆ ಆಶಾ ಕಾರ್ಯಕರ್ತೆ ಬಂದಾಗ ತೂಗಿಸಿ ಬರೆದಿಟ್ಟುಕೊಳ್ಳಿ. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಅಥವಾ ತೂಕ ಏರುತ್ತಿಲ್ಲವಾದರೆ ಪಾಳಿ ಶುರು ಮಾಡುವ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ.

ಅಮ್ಮನ ಮಾತಿಗೆ ಬೇಸರಿಸಬೇಡಿ. ಅವರ ಕಾಲದಲ್ಲಿ ಮನೆ ತುಂಬ ಹೆಂಗಸರಿದ್ದರು, ಗಂಡಸರು ಬಾಣಂತಿ ಕೋಣೆಗೆ ಇಣುಕಬೇಕಾದ ಅಗತ್ಯವೇ ಬರಲಿಲ್ಲ. ಈಗ ಬೆಳಗ್ಗಿನ ಎಣ್ಣೆ ನೀರು, ಬಾಣಂತಿ ಮದ್ದು, ಅಡಿಗೆ ಎಲ್ಲ ಅವರೊಬ್ಬರ ತಲೆ ಮೇಲೆ. "ಅಮ್ಮಾ, ಆರೂವರೆಯಿಂದ ಎಂಟರವರೆಗೆ ಮಗುವನ್ನು ನೀವು ನೋಡಿಕೊಳ್ತೀರಾ? ಅವಳು ಇನ್ನೊಂದು ತುಂಡು ನಿದ್ದೆ ಮಾಡಲಿ" ಅಂತ ಕೇಳಿ. ರಾತ್ರಿಯ ವಿಷಯ ಅನುಮತಿ ಕೇಳುವಂಥದ್ದಲ್ಲ, ಮಾಡಿಬಿಡುವಂಥದ್ದು.

ಇನ್ನೊಂದು ಇದೆ, ಕಿವಿಗೊಟ್ಟು ಕೇಳಿ. ಮಗು ಮಲಗಿದೆ, ನೀವು ನೋಡಿಕೊಳ್ಳುತ್ತಿದ್ದೀರಿ, ಮನೆ ಸದ್ದಿಲ್ಲ, ಆದರೂ ಅವಳಿಗೆ ನಿದ್ದೆ ಹತ್ತುವುದಿಲ್ಲ ಅಂತಾದರೆ ಅದು ಬರೀ ಆಯಾಸ ಅಲ್ಲ. ಅಳು, ಹೆದರಿಕೆ, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ ಹೆರಿಗೆ ಮಾಡಿಸಿದ ಡಾಕ್ಟರಿಗೆ ಹೇಳಲೇಬೇಕು. ರಾತ್ರಿ ಹೊತ್ತಿನಲ್ಲಿ ಮಾತಾಡಬೇಕಿದ್ದರೆ ಸರಕಾರದ ಟೆಲಿಮಾನಸ್ ನಂಬರು 14416, ಖರ್ಚಿಲ್ಲ. ತನ್ನನ್ನೋ ಮಗುವನ್ನೋ ಏನಾದರೂ ಮಾಡಿಬಿಡುತ್ತೇನೆ ಎಂಬ ಮಾತು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಅವಳನ್ನು ಒಬ್ಬಳೇ ಬಿಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮರುದಿನ ನಿಮಗೆ ರಜೆ ಇರುವ ಶನಿವಾರ ರಾತ್ರಿಯೇ ಶುರು ಮಾಡಿ. ಮೊದಲ ರಾತ್ರಿ ಮಗು ಅತ್ತಾಗ ಒಳಕೋಣೆಯ ಬಾಗಿಲು ತೆರೆಯುತ್ತದೆ, ನೋಡಿ. ಅವಳು ಬಂದು ನಿಲ್ಲುತ್ತಾಳೆ. ಒಳಲೆ ಅವಳ ಕೈಗೆ ಕೊಡಬೇಡಿ, "ಎರಡು ಗಂಟೆಗೆ ಕರೆಯುತ್ತೇನೆ, ಹೋಗಿ ಮಲಗು" ಅಂತ ಮಾತ್ರ ಹೇಳಿ.