ಓದುಗರ ಪ್ರಶ್ನೆ, ತಜ್ಞರ ಉತ್ತರ: ಮೂಲಚಿತ್ರದೊಡನೆ ಎರಡು ಸಲ ಏಕೆ ಹೋಲಿಸಬೇಕು?

ಪ್ರಶ್ನೆ: ನಾನು ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ ಅಧ್ಯಾಪಕಿ. ನಮ್ಮ ಮಕ್ಕಳು ಹಳೆಯ ಯಕ್ಷಗಾನ ಪ್ರಸಂಗವೊಂದರ ಪುಟಗಳನ್ನು ಅಂತರಜಾಲದ ಮುಕ್ತ ಗ್ರಂಥಾಲಯವಾದ ವಿಕಿಸೋರ್ಸಿಗೆ ಸೇರಿಸುತ್ತಿದ್ದಾರೆ. ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶವಾದ ಓಸಿಆರ್ ಕೊಟ್ಟ ಪಠ್ಯವನ್ನು ಆ ಚಿತ್ರದೊಡನೆ ಹೋಲಿಸಿ ತಿದ್ದುವುದು ಅವರ ಕೆಲಸ. "ಒಮ್ಮೆ ನೋಡಿ ಆಯಿತಲ್ಲ ಟೀಚರ್, ಮತ್ತೆ ಯಾಕೆ?" ಎಂದು ಕೇಳುತ್ತಾರೆ. ತರಗತಿಯಲ್ಲಿ ಐದು ನಿಮಿಷ ಮಾತನಾಡಬೇಕು. ಏನು ಹೇಳಲಿ?

ಉತ್ತರ: ಜಾಗರೂಕತೆಯ ಬಗ್ಗೆ ಉಪದೇಶ ಬೇಡ. ಪ್ರಸಂಗದ ಒಂದೇ ಸಾಲನ್ನು ಕರಿಹಲಗೆಯ ಮೇಲೆ ಬರೆದು ಮಾತು ಆರಂಭಿಸಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯ ಮಕ್ಕಳಿಗೆ ಗೋಗ್ರಹಣದ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಷಣ ಹೀಗಿರಬಹುದು:

"ಮಕ್ಕಳೇ, 'ವಿರಾಟನ ಧನವನು ಕೊಂಡೊಯ್ದರು' ಎಂಬ ಸಾಲು ಓಸಿಆರ್‌ನಿಂದ ಬಂದಿದೆ ಎಂದುಕೊಳ್ಳೋಣ. ಓದಿದರೆ ಅರ್ಥವಾಗುತ್ತದೆ, ಕೌರವರು ವಿರಾಟನ ಸಂಪತ್ತನ್ನು ಒಯ್ದರು. ಆದರೆ ಅಚ್ಚಿನಲ್ಲಿ ಇರುವುದು 'ದನವನು'. ದ ಮತ್ತು ಧ ಅಕ್ಷರಗಳ ನಡುವಿನ ವ್ಯತ್ಯಾಸವೆಂದರೆ ಬುಡದಲ್ಲಿರುವ ಒಂದು ಸಣ್ಣ ಗೀರು ಮಾತ್ರ. ಹಳೆಯ ಕಾಗದದಲ್ಲಿ ಅಕ್ಷರದ ಕೆಳಗೆ ಮಸಿಯ ಚುಕ್ಕೆಯೊಂದು ಬಿದ್ದಿದ್ದರೆ ಯಂತ್ರ ಅದನ್ನೇ ಗೀರೆಂದು ತಿಳಿಯುತ್ತದೆ; ಗೀರು ಮಾಸಿದ್ದರೆ 'ಧನ'ವೇ 'ದನ'ವಾಗಿಬಿಡುತ್ತದೆ. ಎರಡಕ್ಕೂ ಒಂದೇ ಮಾತ್ರೆಯಾದ್ದರಿಂದ ತಾಳ ತಪ್ಪುವುದಿಲ್ಲ. ಆದಿಪ್ರಾಸದಿಂದಲೂ ಪತ್ತೆಯಾಗುವುದಿಲ್ಲ, ಏಕೆಂದರೆ ಪ್ರಾಸ ನಿಲ್ಲುವುದು ಸಾಲಿನ ಎರಡನೆಯ ಅಕ್ಷರದಲ್ಲಿ, ಈ ತಪ್ಪು ಇರುವುದು ಬೇರೆ ಕಡೆ. ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಕೇಳಿಸಿಕೊಂಡರೂ ಸಾಲದು, ಏಕೆಂದರೆ ನಮ್ಮ ಮಾತಿನಲ್ಲಿ ದ ಮತ್ತು ಧ ಹೆಚ್ಚಾಗಿ ಒಂದೇ ರೀತಿ ಕೇಳಿಸುತ್ತವೆ. ಚಿತ್ರವನ್ನು ಹಿಗ್ಗಿಸಿ ಆ ಗೀರನ್ನು ಕಣ್ಣಾರೆ ನೋಡುವುದೊಂದೇ ದಾರಿ.

"ಹಾಗಾದರೆ ಒಮ್ಮೆ ನೋಡಿದರೆ ಸಾಲದೇ? ಮೊದಲ ಸಲ ನೋಡುವವರಿಗೆ ಕೆಲಸ ಬಹಳ. ಕೆಟ್ಟ ಸಾಲುಗಳನ್ನು ಕಟ್ಟಬೇಕು, ರಾಗತಾಳಗಳ ಹೆಸರನ್ನೂ ಪದ್ಯದ ಅಂಕಿಯನ್ನೂ ಸರಿಪಡಿಸಬೇಕು. ಆ ಹೊತ್ತಿಗೆ ಕಥೆ ಮನಸ್ಸಿನಲ್ಲಿ ನೆಲೆಸಿರುತ್ತದೆ, ಅರ್ಥ ಕೂಡಿಬಂದಲ್ಲಿ ಕಣ್ಣು ಮುಂದಕ್ಕೆ ಸಾಗುತ್ತದೆ. ತಿದ್ದುವಾಗಲೇ ಹೊಸ ತಪ್ಪುಗಳೂ ಸೇರಿಕೊಳ್ಳುತ್ತವೆ. ಎರಡು ಸಾಲುಗಳು ಒಂದೇ ಪದದಿಂದ ಮುಗಿದರೆ ನೋಟ ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ, ನಡುವಿನ ಸಾಲು ಪೂರ್ತಿ ಬಿಟ್ಟುಹೋಗುತ್ತದೆ. ಬರೆದವರೇ ಮತ್ತೆ ಓದಿದರೆ ಅದೇ ಕಣ್ಣು ಅದೇ ಜಾಗದಲ್ಲಿ ಮತ್ತೆ ಹಾರುತ್ತದೆ. ಆದ್ದರಿಂದಲೇ ವಿಕಿಸೋರ್ಸಿನಲ್ಲಿ ಒಬ್ಬರು ತಿದ್ದಿದ ಪುಟದ ಗುರುತು ಹಳದಿಯಾಗುತ್ತದೆ, ಮತ್ತೆ ಹೋಲಿಸಿ ನೋಡಿ ಅದನ್ನು ಹಸಿರು ಮಾಡುವ ಅಧಿಕಾರ ಬೇರೊಬ್ಬರಿಗೆ ಮಾತ್ರ ಇರುತ್ತದೆ. ಆ ಎರಡನೆಯವರು ಮೊದಲು ಚಿತ್ರದ ಸಾಲುಗಳನ್ನೂ ಪಠ್ಯದ ಸಾಲುಗಳನ್ನೂ ಎಣಿಸಲಿ. ಅನಂತರ ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ನೋಡುತ್ತ ಬರಲಿ. ಹಾಗೆ ಮಾಡಿದರೆ ಕಥೆ ಕಣ್ಣನ್ನು ಎಳೆದುಕೊಂಡು ಹೋಗುವುದಿಲ್ಲ, ಅಕ್ಷರ ಅಕ್ಷರವಾಗಿಯೇ ಕಾಣುತ್ತದೆ."

ಭಾಷಣ ಇಲ್ಲಿಗೆ ಸಾಕು. ಆದರೆ ಚಿತ್ರದೊಡನೆ ಎಷ್ಟು ಸಲ ಹೋಲಿಸಿದರೂ ಸಿಗದ ತಪ್ಪೊಂದಿದೆ, ಅದನ್ನು ಕಂಪ್ಯೂಟರಿನ ಮುಂದೆ ಕೂರಿಸಿಯೇ ತೋರಿಸಬೇಕು. ಅರ್ಕಾವತ್ತಿನ ಆಕಾರವೂ ಕನ್ನಡದ ಒಂಬತ್ತರ ಆಕಾರವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಓಸಿಆರ್ 'ಕರ್ಣ' ಎಂಬುದನ್ನು ಕೆಲವೊಮ್ಮೆ 'ಕಣ೯' ಎಂದು ಬರೆಯುತ್ತದೆ, 'ಅರ್ಜುನ' ಎಂಬುದನ್ನು 'ಅಜು೯ನ' ಎಂದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುವುದರಿಂದ ಚಿತ್ರದೊಡನೆ ಹೋಲಿಸಿದವರಿಗೆ ಯಾವ ತಪ್ಪೂ ಕಾಣುವುದಿಲ್ಲ. ಆದರೆ ಮುಂದೆ ಯಾರಾದರೂ 'ಕರ್ಣ' ಎಂದು ಹುಡುಕಿದರೆ ಆ ಪದ್ಯ ಸಿಗುವುದೇ ಇಲ್ಲ. ಅನುಸ್ವಾರದ ಜಾಗದಲ್ಲಿ ಸೊನ್ನೆ ಕುಳಿತಾಗಲೂ ಹೀಗೆಯೇ. ಆದ್ದರಿಂದ ಪ್ರತಿ ಪುಟದಲ್ಲಿಯೂ ಹುಡುಕುವ ಪೆಟ್ಟಿಗೆಯಲ್ಲಿ ೯ ಮತ್ತು ೦ ಹಾಕಿ ನೋಡುವ ಅಭ್ಯಾಸ ಮಾಡಿಸಿ. ಪದ್ಯದ ಅಂಕಿಯಲ್ಲಿ ಬಂದವು ಇರಲಿ, ಪದದ ಒಳಗೆ ಸಿಕ್ಕಿದವನ್ನು ಅಳಿಸಿ ಸರಿಯಾಗಿ ಟೈಪ್ ಮಾಡಲಿ.

ಮನೆಯಲ್ಲಿ ಭಾಗವತಿಕೆ ಕೇಳಿ ಬೆಳೆದ ಮಕ್ಕಳು ನಿಮ್ಮಲ್ಲಿ ಖಂಡಿತ ಇರುತ್ತಾರೆ, ಪದ್ಯ ಅವರಿಗೆ ಬಾಯಿಪಾಠವಾಗಿರುತ್ತದೆ. ಎರಡನೆಯ ಪರಿಶೀಲನೆಯಲ್ಲಿ ಅಂಥವರ ಮೇಲೆ ಹೆಚ್ಚು ಗಮನವಿರಲಿ. ಚಿತ್ರದಲ್ಲಿ ಇಲ್ಲದ ಪಾಠ ಅವರ ಬೆರಳಿನಿಂದ ತಾನಾಗಿ ಬಂದುಬಿಡುತ್ತದೆ. ಮೂಲ ಅಚ್ಚಿನಲ್ಲಿಯೇ ತಪ್ಪಿದೆ ಎಂದು ಅನ್ನಿಸಿದರೂ ಇದ್ದುದನ್ನು ಇದ್ದಂತೆಯೇ ಬರೆದು, ಸಂದೇಹವನ್ನು ಆ ಪುಟದ ಚರ್ಚೆಪುಟದಲ್ಲಿ ದಾಖಲಿಸಲು ಹೇಳಿ.