ಅಕ್ಕನ ಪಾಲಿನ ಬಾಡಿಗೆಗೆ ತಮ್ಮನಿಗೆ ನೋಟಿಸ್

ತೆರಿಗೆ ಸಲಹೆ ಕೇಳಿ ಬರುವವರಲ್ಲಿ ಈ ತಾಪತ್ರಯ ಪದೇ ಪದೇ ಕಾಣುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ವಿವರಗಳನ್ನು ಬದಲಿಸಿದ್ದೇನೆ.

ಅಮ್ಮನ ಉಯಿಲಿನಂತೆ ಬೆಂಗಳೂರಿನ ಫ್ಲಾಟ್ ಅಕ್ಕ, ತಮ್ಮನಿಗೆ ಅರ್ಧರ್ಧ. ಒಂದು ಕಂಪನಿ ತಿಂಗಳಿಗೆ 60,000ಕ್ಕೆ ಬಾಡಿಗೆಗೆ ಹಿಡಿದಿತ್ತು. ಹಣವೆಲ್ಲ ತಮ್ಮನ ಖಾತೆಗೆ, ಅಲ್ಲಿಂದ ಅರ್ಧ ಅಕ್ಕನಿಗೆ. ಕಂಪನಿ ಬಾಡಿಗೆಯಿಂದಲೇ ಶೇಕಡಾ 10ರಂತೆ ಹಿಡಿದು ಸರ್ಕಾರಕ್ಕೆ ಕಟ್ಟಿದ ತೆರಿಗೆ, ಅಂದರೆ ಟಿಡಿಎಸ್, ವರ್ಷಕ್ಕೆ 72,000, ಪೂರ್ತಿ ತಮ್ಮನ ಪ್ಯಾನ್‌ಗೇ ಹೋಯಿತು. 2024-25ರ ರಿಟರ್ನ್‌ನಲ್ಲಿ ಅವರು ತೋರಿಸಿದ ಬಾಡಿಗೆ ಅರ್ಧ, 3,60,000. ತನ್ನ ತೆರಿಗೆಗೆ ಜಮೆ ಕೇಳಿದ ಟಿಡಿಎಸ್ ಮಾತ್ರ ಪೂರ್ತಿ. ನವೆಂಬರ್‌ನಲ್ಲಿ ನೋಟಿಸ್ ಬಂತು: ರಿಟರ್ನ್ ದೋಷಪೂರಿತ, ನಿಮ್ಮ ಬಾಡಿಗೆ 7,20,000, ಹದಿನೈದು ದಿನದಲ್ಲಿ ಉತ್ತರಿಸಿ.

"ಅಕ್ಕನ್ನ ಇದರಲ್ಲಿ ಎಳೆಯೋದು ಬೇಡ ಮೇಡಂ. ಪೂರ್ತಿ ನನ್ನದೇ ಅಂತ ತೋರಿಸಿ ಕಟ್ಟಿಬಿಡ್ತೀನಿ," ಅಂದರು. ಪಕ್ಕದಲ್ಲಿ ಕೂತಿದ್ದ ಅಕ್ಕ ಅಲ್ಲಿಯವರೆಗೂ ಮಾತಾಡಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು: "ಹಾಗಾದ್ರೆ ಸರ್ಕಾರದ ಲೆಕ್ಕದಲ್ಲಿ ನನಗೆ ಏನೂ ಇಲ್ವೇನೋ?"

ತಮ್ಮ ತಲೆ ತಗ್ಗಿಸಿದರು. ತೆರಿಗೆ ಯಾರು ಕಟ್ಟಿದರೂ ಮನೆಯ ಹಕ್ಕು ಅದರಿಂದ ಬದಲಾಗುವುದಿಲ್ಲ, ಅದನ್ನು ಹೇಳುವುದು ಉಯಿಲು ಎಂದು ಅಕ್ಕನಿಗೆ ಮೊದಲು ಹೇಳಿದೆ. ಆಮೇಲೆ ಲೆಕ್ಕ ಹಾಕಿದೆವು. ಮನೆ ಕಂದಾಯ ಬಿಟ್ಟು ನೋಡಿದರೆ, ಬಾಡಿಗೆ ಆದಾಯಕ್ಕೆ ಸಿಗುವ ಶೇಕಡಾ 30ರ ಕಡಿತ ಕಳೆದು ಒಬ್ಬೊಬ್ಬರ ಪಾಲಿಗೆ 2,52,000 ಆದಾಯ. ಅಕ್ಕನಿಗೆ ಬೇರೆ ಆದಾಯವಿಲ್ಲ, ಆ ವರ್ಷ ಹೊಸ ಪದ್ಧತಿಯಲ್ಲಿ 3 ಲಕ್ಷದವರೆಗೆ ತೆರಿಗೆಯೂ ಇರಲಿಲ್ಲ. ಅಂದರೆ ಅವರ ಪಾಲಿನ ಟಿಡಿಎಸ್ 36,000 ವಾಪಸ್ ಬರಬೇಕು. ತಮ್ಮ ಶೇಕಡಾ 30ರ ಹಂತದಲ್ಲಿರುವವರು. ಅಕ್ಕನ ಪಾಲನ್ನೂ ಹೊತ್ತರೆ ಆ ಆದಾಯದ ಮೇಲೇ 75,600 ತೆರಿಗೆ, ಮೇಲೆ ಸೆಸ್.

ದುಡ್ಡಿನ ಮಾತು ಹಾಗಿರಲಿ. ಆ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಪಾಲು ಖಚಿತವಾಗಿದ್ದರೆ ಅವರವರ ಪಾಲು ಅವರವರ ಆದಾಯ. ತಮ್ಮನ ಪ್ರೀತಿಗೆ ನಾನು ಅಡ್ಡ ಬಂದೆ ಎಂದು ಅವರ ಮನೆಯವರು ಬೇಸರಪಟ್ಟರಂತೆ. ಆದರೆ ತನ್ನದಲ್ಲದ ಆದಾಯವನ್ನು ತನ್ನದೆಂದು ಸಹಿ ಹಾಕಿ ಎನ್ನಲು ನನ್ನಿಂದ ಆಗದು.

ಉತ್ತರದ ಜೊತೆ ತಿದ್ದಿದ ರಿಟರ್ನ್ ಸಲ್ಲಿಸಿದೆವು. ಮನೆ ಆಸ್ತಿಯ ಶೆಡ್ಯೂಲ್‌ನಲ್ಲಿ ಜಂಟಿ ಮಾಲೀಕತ್ವ, ಶೇಕಡಾ 50, ಅಕ್ಕನ ಹೆಸರು, ಪ್ಯಾನ್. ಟಿಡಿಎಸ್ ಶೆಡ್ಯೂಲ್‌ನಲ್ಲಿ 36,000 ತಮ್ಮನಿಗೆ, ಉಳಿದದ್ದು, ಆದಾಯ ಯಾರದೋ ಟಿಡಿಎಸ್ ಅವರಿಗೇ ಎನ್ನುವ 37BA ನಿಯಮದಡಿ, ಅಕ್ಕನ ಪ್ಯಾನ್‌ಗೆ. ಉಯಿಲಿನ ಪ್ರತಿಯನ್ನೂ ಪ್ರತಿ ತಿಂಗಳು ಅಕ್ಕನಿಗೆ ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ತೆಗೆದಿಡಿ ಎಂದೆ. ಅಕ್ಕ ಡಿಸೆಂಬರ್ 31ರೊಳಗೆ ತಡವಾದ ರಿಟರ್ನ್ ಹಾಕಿದರು; ಆ ದಿನ ದಾಟಿದ್ದರೆ 36,000 ವಾಪಸ್ ಪಡೆಯುವುದು ಕಷ್ಟವಾಗುತ್ತಿತ್ತು.

ಕಂಪನಿಗೂ ಪತ್ರ ಹೋಯಿತು: ಮುಂದಿನ ತಿಂಗಳಿಂದ ಬಾಡಿಗೆ ಇಬ್ಬರ ಖಾತೆಗೆ, ಟಿಡಿಎಸ್ ಹಿಡಿಯುವುದಿದ್ದರೆ ಅದೂ ಇಬ್ಬರ ಪ್ಯಾನ್‌ಗೆ. ಅದಕ್ಕೆ ಅಕ್ಕ ತಮ್ಮನ ಹೆಸರಿನ ಕೆಳಗೆ ನಿಧಾನವಾಗಿ ಸಹಿ ಹಾಕಿದರು.