ಮೂರರಲ್ಲಿ ಎರಡು ಎಲ್ಲಿಂದ ಬಂತು?

"ಸಂಪಾದಕರಿಗೆ ನಮಸ್ಕಾರ. ಒಂದು ವಂಶಾವಳಿ ಲೆಕ್ಕದಲ್ಲಿ ತಂದೆ ತಾಯಿ ಇಬ್ಬರಿಗೂ ಆಲ್ಬಿನಿಸಂ ಇಲ್ಲ, ಮಗಳಿಗೆ ಇದೆ, ಅವಳ ತಮ್ಮನಿಗೆ ಇಲ್ಲ. ತಮ್ಮ ವಾಹಕನಾಗಿರುವ ಸಂಭವ ಎಷ್ಟು ಎಂದು ಕೇಳಿದ್ದರು. ಪನ್ನೆಟ್ ಚೌಕದ ನಾಲ್ಕು ಮನೆಗಳಲ್ಲಿ ಎರಡು Aa, ಹಾಗಾಗಿ 1/2 ಎಂದು ಬರೆದೆ. ಉತ್ತರ 2/3 ಅಂತೆ. ಅವನು ಸೋದರಮಾವನ ಮಗಳನ್ನು ಮದುವೆಯಾದರೆ ಮಗುವಿಗೆ ಬರುವ ಸಂಭವ 1/24 ಅಂತೆ. ಎರಡೂ ತಲೆಗೆ ಹತ್ತಲಿಲ್ಲ."
ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ

ನಿಮ್ಮ ಚೌಕದಲ್ಲಿ ತಪ್ಪಿಲ್ಲ. ಚೌಕ ಬರೆದ ಮೇಲೆ ಒಂದು ಮನೆಯನ್ನು ಹೊಡೆದುಹಾಕಬೇಕಿತ್ತು, ಅದನ್ನು ಹಾಗೇ ಬಿಟ್ಟಿದ್ದೀರಿ.

ಆ ಮನೆ ಯಾವುದೆಂದು ನೋಡುವ ಮುಂಚೆ ನಕ್ಷೆಯನ್ನು ಓದೋಣ. ಗುಣ ಇರುವವರ ಗುರುತಿಗೆ ಅದರಲ್ಲಿ ಬಣ್ಣ ತುಂಬಿರುತ್ತಾರೆ. ಬಣ್ಣ ತುಂಬದ ತಂದೆ ತಾಯಿಗೆ ಬಣ್ಣ ತುಂಬಿದ ಮಗು ಹುಟ್ಟಿದೆ. ಗುಣ ಪ್ರಬಲವಾಗಿದ್ದರೆ ಹೆತ್ತವರಲ್ಲಿ ಒಬ್ಬರಲ್ಲಾದರೂ ಕಾಣಬೇಕಿತ್ತು. ಕಂಡಿಲ್ಲ, ಆದ್ದರಿಂದ ಇದು ದುರ್ಬಲ ಗುಣ. ಆ ಮಗು ಹೆಣ್ಣು ಎಂಬುದನ್ನೂ ಗಮನಿಸಿ. ಜೀನ್ X ವರ್ಣತಂತುವಿನ ಮೇಲಿದ್ದಿದ್ದರೆ ಮಗಳಿಗೆ ಒಂದು ದೋಷದ ಪ್ರತಿ ತಂದೆಯಿಂದ ಬರಬೇಕಿತ್ತು. ತಂದೆಗಿರುವುದು ಒಂದೇ X, ಹಾಗಾಗಿ ಅವನಲ್ಲೇ ಗುಣ ಕಾಣುತ್ತಿತ್ತು. ಮಗಳ ಬದಲು ಮಗನಿಗೆ ಬಂದಿದ್ದರೆ ನಕ್ಷೆಯೊಂದರಿಂದಲೇ ಇಷ್ಟು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ. ಕಣ್ಣಿಗೆ ಮಾತ್ರ ತಟ್ಟುವ ಒಂದು ಬಗೆಯ ಆಲ್ಬಿನಿಸಂ X ಮೂಲಕವೇ ಬರುತ್ತದೆ.

ಮಗಳು aa ಎಂದಮೇಲೆ ತಂದೆ ತಾಯಿ ಇಬ್ಬರೂ Aa ಆಗಿರಲೇಬೇಕು.

```
      A    a
 A   AA   Aa
 a   Aa   aa
```

ಇನ್ನೂ ಹುಟ್ಟದ ಮಗುವಿನ ಬಗ್ಗೆ ಕೇಳಿದ್ದರೆ ನಿಮ್ಮ 1/2 ಸರಿಯುತ್ತರ. ಆದರೆ ತಮ್ಮ ಹುಟ್ಟಿದ್ದಾನೆ, ಅವನ ಚರ್ಮ, ಕೂದಲಿನಲ್ಲಿ ಮೆಲನಿನ್ ಇದೆ. ಅವನು aa ಮನೆಯವನಲ್ಲ ಎಂಬುದು ನಮಗೆ ಗೊತ್ತು. ಆ ಮನೆ ಹೊಡೆದರೆ ಉಳಿಯುವುದು ಮೂರು, ಅದರಲ್ಲಿ ಎರಡು Aa.

ಇದನ್ನು ತಿಳಿದ ಹುಡುಗರು ಮುಂದಿನ ಮೆಟ್ಟಿಲಲ್ಲಿ ಬೀಳುತ್ತಾರೆ. "ವಾಹಕರ ಆರೋಗ್ಯವಂತ ಒಡಹುಟ್ಟಿದವರಿಗೆ 2/3" ಎಂದು ಬಾಯಿಪಾಠ ಮಾಡಿ ಸೋದರಮಾವನಿಗೂ ಅದನ್ನೇ ಹಾಕಿಬಿಡುತ್ತಾರೆ. ತಾಯಿ Aa ಎಂಬುದು ಖಚಿತ. ಅವಳ a ಅಜ್ಜ ಅಜ್ಜಿಯರಲ್ಲಿ ಒಬ್ಬರಿಂದ ಬಂದಿದೆ. ಇನ್ನೊಬ್ಬರೂ ವಾಹಕರು ಎನ್ನಲು ನಕ್ಷೆಯಲ್ಲಿ ಆಧಾರವಿಲ್ಲ, ಆದ್ದರಿಂದ ಅವರನ್ನು AA ಎಂದಿಟ್ಟುಕೊಳ್ಳುತ್ತೇವೆ. Aa × AA ಚೌಕ ಬರೆದು ನೋಡಿ: aa ಮನೆಯೇ ಇಲ್ಲ. ಮಕ್ಕಳೆಲ್ಲ ಹೇಗೂ ಆರೋಗ್ಯವಂತರೇ. ಹಾಗಾಗಿ ಮಾವ ಆರೋಗ್ಯವಾಗಿದ್ದಾನೆ ಎಂಬ ಸುದ್ದಿಯಿಂದ ಹೊಸದೇನೂ ತಿಳಿಯುವುದಿಲ್ಲ, ಹೊಡೆದುಹಾಕಲು ಮನೆಯೂ ಇಲ್ಲ. ಅವನಿಗೆ 1/2. ಅವನ ಹೆಂಡತಿ ಹೊರಗಿನವಳು, AA ಎಂದು ಹಿಡಿದರೆ ಮಗಳಿಗೆ ಅದರ ಅರ್ಧ, 1/4.

ಇನ್ನು ಮದುವೆ. ನಕ್ಷೆಯಲ್ಲಿ ಗಂಡು ಹೆಣ್ಣಿನ ನಡುವೆ ಜೋಡಿ ಗೆರೆ ಎಳೆದಿದ್ದರೆ ಅದು ರಕ್ತಸಂಬಂಧದ ಮದುವೆ. ಮಗುವಿಗೆ ಗುಣ ಬರಬೇಕಾದರೆ ಮೂರು ಸಂಗತಿ ಒಟ್ಟಿಗೆ ಆಗಬೇಕು: ಗಂಡ ವಾಹಕನಾಗಿರಬೇಕು, ಹೆಂಡತಿ ವಾಹಕಿಯಾಗಿರಬೇಕು, ಇಬ್ಬರಿಂದಲೂ ಮಗುವಿಗೆ a ಬರಬೇಕು. ಮೂರೂ ಆಗಬೇಕಾದ್ದರಿಂದ ಗುಣಿಸಬೇಕು, ಕೂಡಿಸಬಾರದು.

2/3 × 1/4 × 1/4 = 2/48 = 1/24

ಸಂಬಂಧದ ಹೊರಗಿನ ಹುಡುಗಿಯಾದರೆ? ಜನರಲ್ಲಿ 70ಕ್ಕೆ ಒಬ್ಬರು ವಾಹಕರು ಎಂದಿಟ್ಟುಕೊಳ್ಳಿ. 2/3 × 1/70 × 1/4, ಅಂದರೆ 1/420. ಹುಡುಗ ಅವನೇ, ಅವನ 2/3 ಕೂಡ ಅದೇ. ನಡುವಿನ ಸಂಖ್ಯೆ 1/4ರಿಂದ 1/70ಕ್ಕೆ ಇಳಿದದ್ದೇ ವ್ಯತ್ಯಾಸ. ನಮ್ಮಲ್ಲಿ ಸೋದರಮಾವನ ಮಗಳನ್ನು ತಂದುಕೊಳ್ಳುವ ಪದ್ಧತಿ ಇರುವ ಮನೆಗಳಲ್ಲಿ ಅಪರೂಪದ ದುರ್ಬಲ ಗುಣಗಳು ಯಾಕೆ ಹೆಚ್ಚು ತಲೆಯೆತ್ತುತ್ತವೆ ಎಂಬುದಕ್ಕೆ ಈ ಒಂದು ಸಂಖ್ಯೆಯೇ ಉತ್ತರ. ಇನ್ನೊಂದು ಕಡೆಯಿಂದ ನೋಡಿದರೆ, 24ರಲ್ಲಿ 23 ಪಾಲು ಮಗುವಿಗೆ ಬರುವುದಿಲ್ಲ. ಮನೆಯಲ್ಲಿ ಯಾರಾದರೂ ಕೇಳಿದರೆ ಎರಡನ್ನೂ ಹೇಳಿ.

ಪರೀಕ್ಷೆಯ ಲೆಕ್ಕ A, a ಎಂಬ ಒಂದೇ ಜೀನಿನ ಮೇಲೆ ನಡೆಯುತ್ತದೆ. ವಾಸ್ತವದಲ್ಲಿ ಆಲ್ಬಿನಿಸಂ ತರುವ ಜೀನ್‌ಗಳು ಹಲವು. TYR ಒಂದು, OCA2 ಇನ್ನೊಂದು. ಗಂಡನಿಗೆ TYRನಲ್ಲಿ, ಹೆಂಡತಿಗೆ OCA2ನಲ್ಲಿ ದೋಷವಿದ್ದು ಇಬ್ಬರಿಗೂ ಆಲ್ಬಿನಿಸಂ ಇದ್ದರೂ ಮಕ್ಕಳಿಗೆ ಎರಡು ಜೀನ್‌ಗಳದ್ದೂ ಒಂದೊಂದು ಒಳ್ಳೆಯ ಪ್ರತಿ ಸಿಕ್ಕಿ ಮೈಬಣ್ಣ ಮಾಮೂಲಿನಂತೆ ಇರುತ್ತದೆ. ಪುಸ್ತಕದ aa × aa ಚೌಕ ಇಲ್ಲಿ ಕೈಕೊಡುತ್ತದೆ.

ನಿಜವಾದ ಮನೆಯೊಂದರಲ್ಲಿ ಈ ಪ್ರಶ್ನೆ ಎದ್ದರೆ ವೈದ್ಯರು ಭಿನ್ನರಾಶಿಗೆ ನಿಲ್ಲುವುದಿಲ್ಲ. ಮೊದಲು ಅಕ್ಕನ ರಕ್ತದಲ್ಲಿ ಯಾವ ಜೀನ್ ಕೆಟ್ಟಿದೆ ಎಂದು ಹುಡುಕಿಸುತ್ತಾರೆ, ಆಮೇಲೆ ತಮ್ಮನಲ್ಲೂ ಸೋದರಮಾವನ ಮಗಳಲ್ಲೂ ಅದೇ ದೋಷಗಳನ್ನು ನೋಡುತ್ತಾರೆ. ತಮ್ಮ ವಾಹಕನಲ್ಲ ಎಂದು ಬಂದರೆ ಅವನ 2/3 ಹೋಗಿ 0 ಆಗುತ್ತದೆ. ಇಬ್ಬರೂ ವಾಹಕರೆಂದು ಬಂದರೆ 1/24ರ ಜಾಗದಲ್ಲಿ ಪ್ರತಿ ಹೆರಿಗೆಗೂ 1/4 ಎಂದು ಬರೆಯಬೇಕಾಗುತ್ತದೆ.